ಪಹಣಿಯ ‘ಖರಾಬು’ ಇಂಗ್ಲಿಷಿನಲ್ಲಿ ಬರಿಯ ‘ವೇಸ್ಟ್ ಲ್ಯಾಂಡ್’ ಆಗಬಾರದು: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ,
ಉತ್ತರ ಕನ್ನಡ ಜಿಲ್ಲೆ, ಕಾರವಾರ

ಮಾನ್ಯರೇ,

ನಾನು ಶಿರಸಿಯಲ್ಲಿ ಜಮೀನಿನ ಕಾಗದಪತ್ರಗಳನ್ನು ಇಂಗ್ಲಿಷಿಗೆ ಅನುವಾದಿಸಿಕೊಡುವ ಕೆಲಸ ಮಾಡುತ್ತೇನೆ. ಘಟ್ಟದ ಮೇಲಿನ ತೋಟದ ಮನೆಗಳ ಮಕ್ಕಳು ಹೊರರಾಜ್ಯಗಳಲ್ಲಿ, ಹೊರದೇಶಗಳಲ್ಲಿ ನೆಲೆಸಿದ್ದಾರೆ. ಅವರ ಬ್ಯಾಂಕುಗಳು ಮತ್ತು ವಕೀಲರು ಪಹಣಿಯನ್ನು ಇಂಗ್ಲಿಷಿನಲ್ಲಿ ಕೇಳುತ್ತಾರೆ. 2020ರ ಭೂಸುಧಾರಣಾ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದಾಗಿರುವುದರಿಂದ ಕನ್ನಡ ಓದಲು ಬಾರದ ಖರೀದಿದಾರರೂ ಈ ಕಾಗದಗಳನ್ನು ಹಿಡಿದು ಬರುತ್ತಿದ್ದಾರೆ. ಇವರೆಲ್ಲರಿಗೆ ಪಹಣಿಯಲ್ಲಿನ ಪಾರಸಿ ಮತ್ತು ಉರ್ದು ಮೂಲದ ಪದಗಳನ್ನು ಇಂಗ್ಲಿಷಿನಲ್ಲಿ ಹೇಗೆ ವಿವರಿಸಲಾಗುತ್ತಿದೆ ಎಂಬುದರ ಬಗ್ಗೆ, ಮುಖ್ಯವಾಗಿ ‘ಖರಾಬು’ ಎಂಬ ಒಂದು ಪದದ ಬಗ್ಗೆ, ತಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ.

ಪಹಣಿಯ ಮೂರನೆಯ ಕಾಲಮ್ಮಿನಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ಫೂಟ್ ಖರಾಬು (ಅ), ಫೂಟ್ ಖರಾಬು (ಬ) ಎಂಬ ಎರಡು ಸಾಲುಗಳೂ, ಅವನ್ನು ಕಳೆದು ಉಳಿದ ವಿಸ್ತೀರ್ಣವೂ ಇರುತ್ತವೆ. ಖರಾಬು ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಪದ. ಹಾಳಾದದ್ದು, ಪಾಳು ಬಿದ್ದದ್ದು ಎಂದು ಅದರ ಅರ್ಥ. ‘ಫೂಟ್’ ಎಂದು ನಾವು ಬರೆಯುವುದು ಮರಾಠಿಯ ‘ಪೋಟ್’, ಅಂದರೆ ಹೊಟ್ಟೆ. ಕಾರವಾರದ ಕಡೆ ಕೊಂಕಣಿ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸರ್ವೆ ನಂಬರಿನ ಒಡಲೊಳಗೇ ಇದ್ದು, ಸಾಗುವಳಿಯ ಲೆಕ್ಕಕ್ಕೆ ಬಾರದ ನೆಲ ಎಂಬುದು ಇಡೀ ಪದದ ತಾತ್ಪರ್ಯ. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಮುಂಬಯಿ ಪದ್ಧತಿಯ ಸರ್ವೆಯೂ ಅದರ ಮಾತುಗಳೂ ಇಲ್ಲಿನ ದಫ್ತರಗಳಲ್ಲಿ ನೆಲೆಯೂರಿದವು.

ಇಂಗ್ಲಿಷಿನ ವಿವರಣೆಗಳಲ್ಲಿ ಈ ಎರಡೂ ಸಾಲುಗಳಿಗೆ ಸಾಮಾನ್ಯವಾಗಿ ಸಿಗುವುದು ‘ವೇಸ್ಟ್ ಲ್ಯಾಂಡ್’ ಅಥವಾ ‘ಅನ್‌ಕಲ್ಟಿವಬಲ್’ ಎಂಬ ಒಂದೇ ಅರ್ಥ. ನಿಘಂಟಿನ ಪ್ರಕಾರ ಅದು ತಪ್ಪಲ್ಲದಿದ್ದರೂ ಕಾನೂನಿನ ಪ್ರಕಾರ ಅಪಾಯಕಾರಿ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 21(2)ನೆಯ ನಿಯಮವು ಖರಾಬನ್ನು ಎರಡಾಗಿ ವಿಂಗಡಿಸುತ್ತದೆ. ಸರ್ವೆಯ ಕಾಲದಲ್ಲಿ ಕೃಷಿಗೆ ಯೋಗ್ಯವಲ್ಲವೆಂದು ಗುರುತಿಸಿದ ನೆಲ, ಹಿಡುವಳಿದಾರನ ಕೃಷಿ ಕಟ್ಟಡ ಮತ್ತು ಕಣದ ಜಾಗವನ್ನೂ ಒಳಗೊಂಡು, ‘ಅ’ ಖರಾಬು; ಅದಕ್ಕೆ ಕಂದಾಯ ಕಟ್ಟಿಲ್ಲ, ಆದರೆ ಅದು ಹಿಡುವಳಿಯ ಭಾಗವೇ. ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸಿದ ನೆಲ, ರಸ್ತೆ, ರೂಢಿಯ ಕಾಲುದಾರಿ, ಇತರರೂ ನೀರಾವರಿಗೆ ಬಳಸುವ ಕೆರೆ ಮತ್ತು ಹಳ್ಳ, ಸ್ಮಶಾನ ಇಂಥವು ‘ಬ’ ಖರಾಬು. ಸರ್ವೆ ನಂಬರಿನ ಗಡಿಯೊಳಗೆ ಇದ್ದರೂ ಅದನ್ನು ಮಾರಲು ಹಿಡುವಳಿದಾರನಿಗೆ ಹಕ್ಕಿಲ್ಲ. ಹೀಗೆ ಒಂದು ಅಕ್ಷರದಿಂದ ನೆಲ ಯಾರದ್ದು ಎಂಬುದೇ ಬೇರೆಯಾಗುತ್ತದೆ, ಮತ್ತು ಇಂಗ್ಲಿಷಿನ ಒಂದೇ ಪದ ಆ ಅಕ್ಷರವನ್ನು ಅಳಿಸಿಬಿಡುತ್ತದೆ.

ನನ್ನ ಬಳಿ ಬಂದ ಒಂದು ಕಾಗದವನ್ನು, ಗುರುತು ಸಿಗದಂತೆ ಅಂಕಿಗಳನ್ನು ಬದಲಿಸಿ, ಇಲ್ಲಿ ವಿವರಿಸುತ್ತೇನೆ. ಶಿರಸಿ ತಾಲೂಕಿನ ಒಂದು ಅಡಿಕೆ ತೋಟದ ಒಟ್ಟು ವಿಸ್ತೀರ್ಣ 2 ಎಕರೆ 10 ಗುಂಟೆ, ಎಕರೆಗೆ 40 ಗುಂಟೆಯಂತೆ 90 ಗುಂಟೆ. ಅದರಲ್ಲಿ ‘ಅ’ ಖರಾಬು 4 ಗುಂಟೆ, ‘ಬ’ ಖರಾಬು 6 ಗುಂಟೆ, ಉಳಿದದ್ದು 2 ಎಕರೆ. ಬೇರೆಡೆ ಮಾಡಿಸಿದ ಇಂಗ್ಲಿಷ್ ಪ್ರತಿಯಲ್ಲಿ ಎರಡು ಖರಾಬುಗಳನ್ನೂ ಕೂಡಿಸಿ ‘ವೇಸ್ಟ್, 10 ಗುಂಟೆ’ ಎಂದು ಬರೆಯಲಾಗಿತ್ತು. ಅದನ್ನೇ ನಂಬಿ ಅಣ್ಣತಮ್ಮಂದಿರು ಹಿಸ್ಸೆಯ ಕರಡು ಮಾಡಿಕೊಂಡರು. ಇಬ್ಬರಿಗೂ ಒಂದೊಂದು ಎಕರೆ ಬಂತು. ಕೊಟ್ಟಿಗೆ ಮತ್ತು ಅಡಿಕೆ ಒಣಗಿಸುವ ಅಂಗಳ ಇದ್ದ 4 ಗುಂಟೆ ಕರಡಿನಲ್ಲಿ ಯಾರ ಪಾಲಿಗೂ ಬರಲೇ ಇಲ್ಲ. ಇನ್ನೊಂದೆಡೆ, ತನ್ನ ಪಾಲನ್ನು ಮಾರಲು ಹೊರಟ ತಮ್ಮನು ಪಾಳು ಬಿದ್ದಿದ್ದರೂ ನೆಲ ತಮ್ಮದೇ ಎಂದುಕೊಂಡು, ಊರವರು ನಡೆಯುವ ಕಾಲುದಾರಿ ಮತ್ತು ಹಳ್ಳದ ಆ 6 ಗುಂಟೆಯಲ್ಲೂ ಅರ್ಧವನ್ನು ಕ್ರಯಕ್ಕೆ ಸೇರಿಸಿದ್ದನು. ಒಂದೇ ತಪ್ಪು ಪದದಿಂದ ಮನೆಯವರ ನೆಲ ಲೆಕ್ಕದಿಂದ ಬಿಟ್ಟುಹೋಗಿತ್ತು, ಮನೆಯವರದ್ದಲ್ಲದ ನೆಲ ಮಾರಾಟಕ್ಕೆ ಬಂದಿತ್ತು. ಕಾಗದ ನೋಂದಣಿಗೆ ಹೋಗುವ ಮೊದಲೇ ಇದು ತಿಳಿದದ್ದರಿಂದ ಎರಡನ್ನೂ ಸರಿಪಡಿಸಲು ಸಾಧ್ಯವಾಯಿತು.

ಪದವನ್ನು ಸರಿಯಾಗಿ ವಿವರಿಸಿದರೂ ಪಹಣಿಯೊಂದೇ ಸಾಲದು ಎಂಬುದನ್ನೂ ಓದುಗನಿಗೆ ಹೇಳಬೇಕಾಗುತ್ತದೆ. ಖರಾಬು ಎಷ್ಟು ಎಂಬುದನ್ನು ಪಹಣಿ ತೋರಿಸುತ್ತದೆ, ಎಲ್ಲಿ ಎಂಬುದನ್ನು ತೋರಿಸುವುದಿಲ್ಲ. ಅಂಕಿಯನ್ನು ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯವನ್ನು ದಾಖಲಿಸುವ ಸರ್ವೆ ಇಲಾಖೆಯ ಆಕಾರಬಂದ್‌ನೊಂದಿಗೆ ತಾಳೆ ನೋಡಬೇಕು. ಎರಡರಲ್ಲಿ ವ್ಯತ್ಯಾಸವಿರುವ ಪ್ರಕರಣಗಳು ಇವೆ. ಆಮೇಲೆ ಸರ್ವೆಯ ಅಳತೆಯ ನಕ್ಷೆಯಾದ ಟಿಪ್ಪಣಿ ಮತ್ತು ಗ್ರಾಮನಕ್ಷೆಯಲ್ಲಿ ಹಳ್ಳವನ್ನೂ ದಾರಿಯನ್ನೂ ಗುರುತಿಸಿಕೊಳ್ಳಬೇಕು. ಅಷ್ಟಕ್ಕೂ ಸಂಶಯ ಉಳಿದರೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು, ಭೂಮಾಪಕರಿಂದ ನೆಲದ ಮೇಲೆಯೇ ಗಡಿ ಗುರುತಿಸಿಕೊಳ್ಳಬೇಕು. ಹದ್ದು ಎಂದರೆ ಎಲ್ಲೆ, ಬಸ್ತು ಎಂದರೆ ಕಟ್ಟಿದ್ದು. ಇದೂ ಅದೇ ದಾರಿಯಲ್ಲಿ ಬಂದ ಮಾತು.

ಖಾತೆಯ ವಿಷಯದಲ್ಲಿಯೂ ಇಂಥದೇ ತೊಡಕಿದೆ. ಪಹಣಿಯ ಒಂಬತ್ತನೆಯ ಕಾಲಮ್ಮಿನಲ್ಲಿ ಕಬ್ಜೆದಾರನ ಹೆಸರಿನ ಜೊತೆ ಇರುವ ಖಾತಾ ನಂಬರು ಆ ಊರಿನಲ್ಲಿ ಅವನ ಹಿಡುವಳಿಯ ಲೆಕ್ಕದ ಗುರುತು. ಅದನ್ನು ಇಂಗ್ಲಿಷಿನಲ್ಲಿ ‘ಟೈಟಲ್’ ಎಂದು ಬರೆದಾಗ ಓದುವವನು ಕ್ರಯಪತ್ರ, ಹಿಸ್ಸೆಪತ್ರಗಳನ್ನು ನೋಡುವ ಅಗತ್ಯವೇ ಇಲ್ಲವೆಂದು ತಿಳಿಯುತ್ತಾನೆ. 1964ರ ಭೂಕಂದಾಯ ಅಧಿನಿಯಮದ 133ನೆಯ ಕಲಮು ಹಕ್ಕುದಾಖಲೆಯ ನಮೂದನ್ನು, ವಿರುದ್ಧವಾದದ್ದು ರುಜುವಾತಾಗುವವರೆಗೆ ಅಥವಾ ಕಾನೂನುಬದ್ಧವಾಗಿ ಹೊಸ ನಮೂದು ಬರುವವರೆಗೆ, ನಿಜವೆಂದು ಭಾವಿಸಲು ಹೇಳುತ್ತದೆಯೇ ಹೊರತು ಆ ನಮೂದೇ ಮಾಲೀಕತ್ವವನ್ನು ಹುಟ್ಟಿಸುತ್ತದೆ ಎಂದು ಹೇಳುವುದಿಲ್ಲ.

ಈ ಪದಗಳನ್ನು ತೆಗೆದುಹಾಕಿ ಹೊಸ ಪದಗಳನ್ನು ತರಬೇಕೆಂಬುದು ನನ್ನ ಕೋರಿಕೆ ಅಲ್ಲ. ಅದನ್ನು ನಾನು ವಿರೋಧಿಸುತ್ತೇನೆ ಕೂಡ. ಅಜ್ಜಂದಿರ ಕಾಲದ ಕಾಗದದಲ್ಲಿರುವ ಖರಾಬು ಇಂದಿನ ಪಹಣಿಯಲ್ಲಿಯೂ ಖರಾಬು ಆಗಿಯೇ ಇರುವುದರಿಂದಲೇ ಎರಡನ್ನೂ ಹೊಂದಿಸಿ ಓದಲು ಸಾಧ್ಯವಾಗುತ್ತಿದೆ. ಇಂಗ್ಲಿಷಿನಲ್ಲಿಯೂ ಪದವನ್ನು ಹಾಗೆಯೇ ಉಳಿಸಿಕೊಂಡು, ಅದರ ಎದುರಿಗೆ ಅದರ ಪರಿಣಾಮವನ್ನು ಒಂದೆರಡು ವಾಕ್ಯಗಳಲ್ಲಿ ಬರೆಯುವುದು ಸರಿಯಾದ ದಾರಿ. ‘ಅ’ ಖರಾಬಿಗೆ ‘ಹಿಡುವಳಿಯ ಭಾಗ, ಸರ್ವೆಯಲ್ಲಿ ಕೃಷಿಗೆ ಅಯೋಗ್ಯವೆಂದು ಗುರುತಿಸಿದ್ದರಿಂದ ಕಂದಾಯವಿಲ್ಲ’ ಎಂದೂ, ‘ಬ’ ಖರಾಬಿಗೆ ‘ಸಾರ್ವಜನಿಕ ಬಳಕೆಯ ನೆಲ, ಹಿಡುವಳಿದಾರನು ಮಾರುವಂತಿಲ್ಲ, ಸ್ಥಳವನ್ನು ಟಿಪ್ಪಣಿಯಲ್ಲಿ ನೋಡಿ’ ಎಂದೂ ಬರೆದರೆ ಹೊರಗಿನ ಓದುಗನಿಗೆ ಬೇಕಾದದ್ದು ಸಿಗುತ್ತದೆ.

ಆದ್ದರಿಂದ ಖರಾಬು, ಖಾತೆ, ಕಬ್ಜೆದಾರ, ಹಿಸ್ಸಾ, ವಾರಸಾ, ಹದ್ದುಬಸ್ತು ಮೊದಲಾದ ಪದಗಳಿಗೆ ಇಂಥ ಕನ್ನಡ ಮತ್ತು ಇಂಗ್ಲಿಷ್ ವಿವರಣೆಯ ಒಂದೇ ಹಾಳೆಯನ್ನು ಸಿದ್ಧಪಡಿಸಿ, ಪ್ರತಿ ನಾಡಕಚೇರಿಯಲ್ಲಿ ಪಹಣಿ ಕೊಡುವ ಕಿಟಕಿಯ ಬಳಿ ಹಾಗೂ ಉಪನೋಂದಣಿ ಕಚೇರಿಗಳಲ್ಲಿ ಇಡಿಸಬೇಕೆಂದು ವಿನಂತಿಸುತ್ತೇನೆ. ಅದನ್ನು ಅನುವಾದಕರೊಬ್ಬರೇ ಬರೆಯುವುದು ಸಾಲದು; ಭೂದಾಖಲೆಗಳ ಉಪನಿರ್ದೇಶಕರ ಕಚೇರಿಯವರು ಪ್ರತಿ ಪದವನ್ನೂ ನಿಯಮದೊಂದಿಗೆ ತಾಳೆ ನೋಡಿ ಒಪ್ಪಿಗೆ ಕೊಡಬೇಕು. ಮೊದಲ ಕರಡು ಬರೆದುಕೊಡಲು ನಾನು ಯಾವ ಸಂಭಾವನೆಯನ್ನೂ ಬಯಸದೆ ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಶಿರಸಿಯ ದಸ್ತಾವೇಜು ಅನುವಾದಕ