ಆರನೇ ಕ್ಲಾಸಿನ ಆ ಹುಡುಗಿ

ಪುಟ್ಟಿ,

ನೀನು ಕಳಿಸಿದ ಬರಹವನ್ನು ಫೋನಿನಲ್ಲಿ ಓದಲು ಮನಸ್ಸಾಗಲಿಲ್ಲ. ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಮೊದಲನೇ ಸಲ ನಿನ್ನ ಅಮ್ಮನಾಗಿ ಓದಿದೆ, ಕಣ್ಣು ತುಂಬಿ ಬಂತು. ಎರಡನೇ ಸಲ ಪೆನ್ಸಿಲ್ ಹಿಡಿದು ಕೂತೆ.

ನೀನು ಉಗ್ಗುತ್ತಿದ್ದದ್ದು, ಆ ಹುಡುಗಿ ಅದನ್ನು ಅಣಕಿಸಿದ್ದು, ಎಲ್ಲ ನಿಜ. ಅದನ್ನು ಕಮ್ಮಿ ಮಾಡಿ ಬರಿ ಅಂತ ಹೇಳೋದಕ್ಕೆ ಈ ಕಾಗದ ಬರೆಯುತ್ತಿಲ್ಲ. ಆದರೆ ಅವಳು ಬರುವ ಪ್ರತಿ ವಾಕ್ಯದ ಕೆಳಗೂ ಗೆರೆ ಎಳೆಯುತ್ತಾ ಹೋದೆ. ಮೂರು ಪುಟದಲ್ಲಿ ಅವಳು ಒಮ್ಮೆಯೂ ಊಟ ಮಾಡಲಿಲ್ಲ, ಹೋಂವರ್ಕ್ ಮರೆಯಲಿಲ್ಲ, ಯಾರಿಗೂ ಹೆದರಲಿಲ್ಲ. ನಿನ್ನನ್ನು ನೋಯಿಸೋದಕ್ಕೆ ಬರುತ್ತಾಳೆ, ನೋಯಿಸಿ ಹೋಗುತ್ತಾಳೆ. ಯಕ್ಷಗಾನದ ಬಣ್ಣದ ವೇಷ ಹಾಗೆ ಅಬ್ಬರಿಸಿಕೊಂಡು ಬರಬೇಕು, ಅಲ್ಲಿ ಅದು ಸರಿ. ಬಂದದ್ದು ರಕ್ಕಸ ಅಂತ ಚಿಕ್ಕ ಮಗುವಿಗೂ ಗೊತ್ತಾಗಬೇಕು. ನಿನ್ನ ಕ್ಲಾಸಿನಲ್ಲಿ ಇದ್ದದ್ದು ಎರಡು ಜಡೆಯ, ಹನ್ನೊಂದು ವರ್ಷದ ಹುಡುಗಿ.

ಇದು ಹೀಗಾಗೋದು ಎಲ್ಲಿ ಅಂತ ಹುಡುಕಿದೆ. ನೀನು ‘ರಾಕ್ಷಸಿ’ ಅಂತ ಬರೆದದ್ದು ಒಂದೇ ಕಡೆ, ಅದನ್ನು ಹೊಡೆದುಹಾಕಿದರೆ ಸರಿಹೋಗುತ್ತೆ ಅಂದುಕೊಂಡೆ. ಸರಿಹೋಗಲಿಲ್ಲ. ತೊಂದರೆ ಇರೋದು ಕ್ರಿಯಾಪದದಲ್ಲಿ. ‘ಅಣಕಿಸುತ್ತಿದ್ದಳು’, ‘ನಗಿಸುತ್ತಿದ್ದಳು’, ‘ಕಾಡುತ್ತಿದ್ದಳು’. ಎಲ್ಲವೂ ‘ಉತ್ತಿದ್ದಳು’. ಹೀಗೆ ಬರೆದಾಗ ಇಡೀ ವರ್ಷ ಕರಗಿ ಒಂದು ಮುದ್ದೆಯಾಗುತ್ತದೆ. ಬೆಳಗ್ಗೆಯಿಂದ ಸಂಜೆಯವರೆಗೆ ಅದನ್ನೇ ಮಾಡಿಕೊಂಡಿದ್ದ ಒಂದು ಜೀವ ಮಾತ್ರ ಓದುವವರಿಗೆ ಕಾಣುತ್ತದೆ. ಒಂದು ದಿನ ಆರಿಸಿಕೋ. ‘ಅಣಕಿಸಿದಳು’ ಅಂತ ಬರಿ. ಆಗ ಅವತ್ತು ಬೆಂಚು ಎಲ್ಲಿತ್ತು, ಮೇಡಂ ಎಲ್ಲಿದ್ದರು, ಅವಳು ಯಾವ ಕಡೆ ತಿರುಗಿದಳು ಅಂತ ನೀನು ಹೇಳಲೇಬೇಕಾಗುತ್ತದೆ. ಮೂರು ಸಲ ಆದದ್ದನ್ನೆಲ್ಲ ‘ಯಾವಾಗಲೂ’ ಅಂತ ಬರೆಯೋದೂ ತಪ್ಪುತ್ತದೆ.

ಆ ದಿನ ನಿನ್ನ ಹತ್ತಿರವೇ ಇದೆ. ಹೋದ ವಾರ ಫೋನಿನಲ್ಲಿ ಹೇಳಿದೆಯಲ್ಲ, ಪಾರಿವಾಳದ ಪಾಠ ಓದಲು ಎದ್ದು ನಿಂತ ದಿನ. ಮಳೆಗಾಲ, ಗೋಡೆಯುದ್ದಕ್ಕೂ ಒದ್ದೆ ಕೊಡೆಗಳು. ‘ಪ’ ಗಂಟಲಲ್ಲೇ ಸಿಕ್ಕಿಕೊಂಡಿತು. ಮೇಡಮ್ಮನ್ನು ಯಾರೋ ಹೊರಗೆ ಕರೆದರು. ಅವಳು ತಿರುಗಿ, “ಪ, ಪ, ಪಾರಿವಾಳ ಹಾರಿಹೋಯ್ತು” ಅಂದಳು. ಹಾಗಂದವಳು ನಿನ್ನ ಮುಖ ನೋಡಲಿಲ್ಲ, ಹಿಂದಿನ ಬೆಂಚು ನೋಡಿದಳು ಅಂದೆ. ಅಲ್ಲಿ ನಗು ಬಂದಮೇಲೆ ಅವಳ ಮುಖ ಸಡಿಲವಾಯಿತು ಅಂದೆ. ಪುಟ್ಟಿ, ಅದು ಬರಹದಲ್ಲಿ ಎಲ್ಲಿದೆ? ಅವಳ ಬಗ್ಗೆ ನಿನಗೆ ಗೊತ್ತಿರುವುದರಲ್ಲಿ ಅಷ್ಟು ನಿಜವಾದದ್ದು ಇನ್ನೊಂದಿಲ್ಲ.

1996ರಲ್ಲಿ ಫಿನ್‌ಲೆಂಡಿನ ಕ್ರಿಸ್ಟೀನಾ ಸಾಲ್ಮಿವಲ್ಲಿ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನವಿದೆ. ಅವರು ನೋಡಿದ್ದೂ ಆರನೇ ಕ್ಲಾಸಿನ ಮಕ್ಕಳನ್ನೇ. ಕಾಡುವವರು, ಕಾಡಿಸಿಕೊಳ್ಳುವವರು ಅಂತ ಇಬ್ಬರೇ ಇರೋದಿಲ್ಲ ಅನ್ನೋದು ಅವರು ಕಂಡದ್ದು. ಕೈಜೋಡಿಸುವವರಿದ್ದಾರೆ, ನಕ್ಕು ಹುರಿದುಂಬಿಸುವವರಿದ್ದಾರೆ, ದೂರ ಉಳಿಯುವವರಿದ್ದಾರೆ, ಪರವಾಗಿ ನಿಲ್ಲುವವರೂ ಇದ್ದಾರೆ. ನಿನ್ನ ಬರಹದಲ್ಲಿ ಇವರೆಲ್ಲ ‘ಎಲ್ಲರೂ ನಕ್ಕರು’ ಅನ್ನುವ ಎರಡು ಪದದಲ್ಲಿ ಮುಗಿದುಹೋಗಿದ್ದಾರೆ. ಹಾಗಾಗಿ ಕ್ಲಾಸಿನ ಭಾರವೆಲ್ಲ ಅವಳೊಬ್ಬಳ ತಲೆಗೆ ಬಿದ್ದಿದೆ. ಮೊದಲು ನಕ್ಕದ್ದು ಯಾರು? ಪುಸ್ತಕದಲ್ಲಿ ಮುಖ ಮುಚ್ಚಿಕೊಂಡವರು ಯಾರು? ನೆನಪಿದ್ದಷ್ಟು ಬರಿ. ಅವಳ ತಪ್ಪು ಚಿಕ್ಕದಾಗೋದಿಲ್ಲ, ಅವಳಿಗೆ ಆ ಬಲ ಎಲ್ಲಿಂದ ಬಂತು ಅಂತ ಕಾಣುತ್ತೆ ಅಷ್ಟೆ.

ಎರಡನೇ ಪುಟದಲ್ಲಿ ಒಂದು ಸಾಲು ಸುಮ್ನೆ ಹಾಗೇ ಬಂದು ಹೋಗಿದೆ. ‘ಅವಳು ಎಲ್ಲರನ್ನೂ ಅಣಕಿಸುತ್ತಿದ್ದಳು, ಹೆಡ್ಮಾಸ್ಟರನ್ನೂ ಬಿಟ್ಟಿರಲಿಲ್ಲ.’ ಅಲ್ಲಿ ನಿಲ್ಲು. ಆ ವರ್ಷ ನೀನು ಮನೆಗೆ ಬಂದು ಹೆಡ್ಮಾಸ್ಟರ್ ಕನ್ನಡಕ ಮೂಗಿನ ತುದಿಗೆ ಇಳಿಸೋದನ್ನು ಮಾಡಿ ತೋರಿಸುತ್ತಿದ್ದೆ. ನಾವು ನಕ್ಕರೆ, “ಅವಳು ಇನ್ನೂ ಚೆನ್ನಾಗಿ ಮಾಡ್ತಾಳೆ ಅಮ್ಮ” ಅನ್ನುತ್ತಿದ್ದೆ. ಬೆಲ್ ಹೊಡೆಯುವ ಅಜ್ಜ ಕಾಲೆಳೆದು ನಡೆಯೋದನ್ನೂ ಅವಳು ಮಾಡುತ್ತಿದ್ದಳು, ಅದಕ್ಕೂ ನೀನು ನಕ್ಕಿದ್ದೆ. ಅವಳ ಪಕ್ಕ ಕೂರಬೇಕು ಅಂತ ಜೂನ್ ತಿಂಗಳಿನಲ್ಲಿ ಹಟ ಮಾಡಿದ್ದೂ ನೀನೇ. ಅವಳ ಜಾಣತನ ಕಂಡು ನಿನಗೆ ಆಸೆಯಾಗಿತ್ತು. ಅದೇ ಜಾಣತನ ನಿನ್ನ ಕಡೆ ತಿರುಗಿತು. ಅಷ್ಟು ನೋವಾದದ್ದು ಅದಕ್ಕೇ ಅಲ್ವಾ? ಯಾರೋ ಒಬ್ಬ ಕೆಟ್ಟ ಹುಡುಗಿ ಹಾಗೆ ಅಂದಿದ್ದರೆ ಎರಡು ದಿನ ಅತ್ತು ಮರೆತುಬಿಡುತ್ತಿದ್ದೆ.

ಈಗ ಕೊನೆಯ ಪುಟ. ಅವಳ ಅಪ್ಪ ಕುಡಿಯುತ್ತಿದ್ದ, ಮನೆಯಲ್ಲಿ ಹೊಡೆತ, ಅದಕ್ಕೇ ಅವಳು ಹಾಗಾದಳು ಅಂತ ಬರೆದಿದ್ದೀಯ. ರಾಕ್ಷಸಿ ಅಂತ ಬರೆದದ್ದಕ್ಕೆ ಪರಿಹಾರ ಕೊಟ್ಟ ಹಾಗಿದೆ. ಈ ವಿಷಯ ನಿನಗೆ ಗೊತ್ತಾದದ್ದು ಯಾವಾಗ? ಹೋದ ವರ್ಷ, ಮದುವೆಮನೆಯ ಊಟದ ಪಂಕ್ತಿಯಲ್ಲಿ, ಯಾರೋ ಹೇಳಿದ್ದು. ಅದು ಪೂರ್ತಿ ನಿಜವೋ ಅಲ್ಲವೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆಂದೇ ‘ಅಂತೆ’ ಇದೆ. ‘ಕುಡಿಯುತ್ತಿದ್ದನಂತೆ’ ಅಂತ ಬರಿ. ಆರನೇ ಕ್ಲಾಸಿನ ಕತೆಯೊಳಗೆ ತುರುಕಬೇಡ, ಆ ಪಂಕ್ತಿಯಲ್ಲೇ ಇಡು. ಪಾಯಸದ ಲೋಟ ಕೈಯಲ್ಲಿ ಹಿಡಿದು ಅದನ್ನು ಕೇಳಿದಾಗ ನಿನಗೆ ಏನಾಯಿತು, ಅದನ್ನು ಬರಿ. ಅಪ್ಪ ಕುಡಿಯುವ ಮಕ್ಕಳು ನಾನು ಪಾಠ ಮಾಡಿದ ಪ್ರತಿ ಕ್ಲಾಸಿನಲ್ಲೂ ಇದ್ದರು. ಅವರಲ್ಲಿ ಯಾರನ್ನೂ ಕಾಡದವರೇ ಜಾಸ್ತಿ. ‘ಅದಕ್ಕೇ’ ಅನ್ನುವ ಪದ ಅವಳನ್ನು ಇನ್ನೊಂದು ಥರದ ಗೊಂಬೆ ಮಾಡುತ್ತದೆ. ನಿನಗೆ ಇನ್ನೂ ಬಂದಿರದ ಕ್ಷಮೆಯನ್ನು ನಿನ್ನ ಕೈಯಲ್ಲಿ ಬರೆಸುತ್ತದೆ.

ಹೆಸರು ಬದಲಾಯಿಸಿದ್ದೀಯ, ಒಳ್ಳೇದು. ಆದರೆ ಅವಳ ಮನೆಯಿದ್ದ ಬೀದಿ, ಅಪ್ಪನ ಅಂಗಡಿ ಹಾಗೇ ಇವೆ. ನಮ್ಮೂರಿನಲ್ಲಿ ಅಷ್ಟು ಸಾಕು ಗುರುತು ಹಿಡಿಯೋಕೆ. ಎರಡನ್ನೂ ತೆಗೆ, ಕತೆಗೆ ಅವು ಬೇಕಿಲ್ಲ. ತಿದ್ದಿದ ಮೇಲೆ ಅವಳೇ ಓದುತ್ತಿದ್ದಾಳೆ ಅಂದುಕೊಂಡು ಒಂದು ಸಲ ಓದು. ಅವಳಿಗೆ ಸಿಟ್ಟು ಬರಲಿ, ನಾಚಿಕೆಯಾಗಲಿ, ಅದಕ್ಕೆ ಹೆದರಬೇಡ. ‘ಇದು ನಾನಲ್ಲ’ ಅಂತ ಅವಳು ಪುಟ ಮಡಚಿ ಇಡಬಹುದಾದ ಜಾಗ ಇದ್ದರೆ ಅಲ್ಲಿ ಗುರುತು ಹಾಕು.

ಇನ್ನೊಂದು ಮಾತು. ಇದನ್ನು ಬರೆಯೋಕೆ ಮೂರು ದಿನದಿಂದ ಆಗುತ್ತಿಲ್ಲ. ಮೂರೂ ಪುಟದಲ್ಲಿ ನಾನು ಎಲ್ಲೂ ಇಲ್ಲ. ನನ್ನನ್ನು ಉಳಿಸೋದಕ್ಕೆ ಬಿಟ್ಟಿದ್ದೀಯ ಅಂತ ಗೊತ್ತು. ಪಾರಿವಾಳದ ದಿನವೋ ಮಾರನೇ ದಿನವೋ, ನೀನು ಅಡುಗೆಮನೆ ಬಾಗಿಲಲ್ಲಿ ನಿಂತು, “ನಾಳೆಯಿಂದ ಸ್ಕೂಲಿಗೆ ಹೋಗಲ್ಲ ಅಮ್ಮ” ಅಂದೆ. ‘ಅಮ್ಮ’ ಅನ್ನುವಾಗಲೂ ಅವತ್ತು ತಡೆಯಿತು. ನಾನು ದೋಸೆ ಹುಯ್ಯುತ್ತಿದ್ದೆ. “ಮಕ್ಕಳು ಅಂದಮೇಲೆ ಇದ್ದಿದ್ದೇ, ತಲೆಗೆ ಹಚ್ಚಿಕೊಬೇಡ” ಅಂದೆ. ಅದೇ ಊರಿನ ಇನ್ನೊಂದು ಸ್ಕೂಲಿನಲ್ಲಿ ನಾನು ಟೀಚರು. ಯಾರ ಹತ್ತಿರ ಮಾತಾಡಬೇಕು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ತಿರುಗಿ ಕೂಡ ನೋಡಲಿಲ್ಲ ನಾನು. ಅದನ್ನೂ ಬರಿ.

ಇಂತಿ,
ನಿನ್ನ ಅಮ್ಮ