ಬೇಸಿಗೆಗೆ ಧೂಪ, ಮಳೆಗಾಲಕ್ಕೆ ಗೊಬ್ಬರ: ಶಿರಸಿ ನಗರಸಭೆಯ ಪೌರಾಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಪೌರಾಯುಕ್ತರಿಗೆ ನಮಸ್ಕಾರ.

ನಿರ್ಮಾಲ್ಯದ ಹೂವಿನಿಂದ ಧೂಪ ಮಾಡುವ ವಿಡಿಯೊಗಳು ಮೊಬೈಲಿನಲ್ಲಿ ಬೇಕಾದಷ್ಟಿವೆ. ಎಲ್ಲವೂ ಬಿಸಿಲಿನ ಊರಿನವು. ಶಿರಸಿಯ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಹೂವು ಎಲ್ಲಿ ಒಣಗಬೇಕು? ಹಾಗಾಗಿ ದೇವಸ್ಥಾನಗಳ ಕೆಲಸದವರಿಗಾಗಿ ನಗರಸಭೆಯೇ ಒಂದು ಸಣ್ಣ ವಿಡಿಯೊ ಮಾಡಿಸಲಿ. ಮೂರು ದೃಶ್ಯ ಸಾಕು.

ದೃಶ್ಯ 1. ಬೆಳಗಿನ ಹೊತ್ತು, ದೇವಸ್ಥಾನದ ಹಿಂದಿನ ಜಗಲಿ. ನಿರ್ಮಾಲ್ಯದ ಬುಟ್ಟಿ. ಕ್ಯಾಮೆರಾ ಕೈಗಳ ಮೇಲೆ ಮಾತ್ರ. ಕತ್ತರಿಯಿಂದ ಹಾರ ಕತ್ತರಿಸಿ ನೈಲಾನ್ ದಾರ, ಜರಿ, ಪಿನ್ನು, ಕರ್ಪೂರದ ಕವರ್ ಬೇರೆ ಮಾಡುತ್ತಾರೆ. ಬಾಳೆನಾರಿನ ದಂಡೆ ಆದರೆ ಹಾಗೇ ಗೊಬ್ಬರಕ್ಕೆ ಹೋಗಬಹುದು. ಕುಂಕುಮ ಮೆತ್ತಿದ ಹೂವನ್ನು ಧೂಪಕ್ಕೆ ಸೇರಿಸುವುದಿಲ್ಲ. ಪೇಟೆಯ ಕುಂಕುಮದಲ್ಲಿ ಎಂಥ ಬಣ್ಣ ಹಾಕಿರುತ್ತಾರೋ, ಅದರ ಹೊಗೆ ಕುಡಿಯುವುದು ಬೇಡ ಅಲ್ವಾ? ವಿಡಿಯೊ ಉದ್ದ ಆಯಿತೆಂದು ಈ ದೃಶ್ಯ ಕತ್ತರಿಸಬೇಡಿ. ಇಡೀ ಕೆಲಸ ಕೆಡುವುದು ಇಲ್ಲೇ.

ದೃಶ್ಯ 2. ಏಪ್ರಿಲ್ ಬಿಸಿಲು, ಅಂಗಳದಲ್ಲಿ ತಾಡಪಾಲು. ಮೇಲೆ ಚೆಂಡುಹೂ, ಸೇವಂತಿಗೆಯ ಎಸಳು. ಹತ್ತು ಕೆಜಿ ಹಸಿ ಹೂವು ಒಣಗಿದರೆ ಒಂದು, ಒಂದೂವರೆ ಕೆಜಿ ಉಳಿಯುತ್ತದೆ. ಒಬ್ಬರು ಎಸಳನ್ನು ಮುಷ್ಟಿಯಲ್ಲಿ ಹಿಚುಕುತ್ತಾರೆ. ಪುಡಿಯಾದರೆ ಸರಿ, ಮಡಚಿಕೊಂಡರೆ ಇನ್ನೂ ಒಣಗಬೇಕು. ಅರೆ ಒಣಗಿದ್ದನ್ನು ಬೀಸಿದರೆ ಬೂಸಲು ಬರುತ್ತದೆ. ಆಮೇಲೆ ಅರ್ಧ ಕೆಜಿ ಹೂಪುಡಿಗೆ ಸುಮಾರು 300 ಗ್ರಾಂ ಒಣ ಸಗಣಿ ಪುಡಿ, ಊದುಬತ್ತಿಗೆ ಅಂಟಾಗಿ ಬಳಸುವ ಜಿಗಟು ಪುಡಿ 200 ಗ್ರಾಂ ಕಲಸಿ ಧೂಪ ಒತ್ತಿ, ನೆರಳಿನಲ್ಲಿ ಒಣಗಿಸುವುದು. ಬಿರುಕು ಬಿಟ್ಟರೆ ಜಿಗಟು ಕಮ್ಮಿಯಾಗಿದೆ ಎಂದು ತಿಳಿಯಬೇಕು. ಒಂದು ಮಾತು ಮುಚ್ಚಿಡದೆ ಹೇಳಿಸಿ: ಹೂಪುಡಿ ಸುಟ್ಟರೆ ಹೂವಿನ ಪರಿಮಳ ಬರುವುದಿಲ್ಲ, ಒಣ ಎಲೆ ಸುಟ್ಟ ವಾಸನೆ ಬರುತ್ತದೆ. ಪರಿಮಳ ಬೇಕಾದರೆ ಸಾಂಬ್ರಾಣಿಯನ್ನೋ ಸುಗಂಧದ ಎಣ್ಣೆಯನ್ನೋ ಸೇರಿಸಬೇಕು.

ದೃಶ್ಯ 3. ಜುಲೈ, ಜೋರು ಮಳೆಯ ಸದ್ದು, ತಗಡಿನ ಮಾಡು. ಒಂದು ಪದರ ಹೂವು, ಅದರ ಮೇಲೆ ಅಷ್ಟೇ ದಪ್ಪ ಒಣ ಎಲೆಯ ದರಕು ಅಥವಾ ಚೂರು ಮಾಡಿದ ಅಡಿಕೆ ಸಿಪ್ಪೆ, ಮೇಲಿಂದ ಸ್ವಲ್ಪ ಸಗಣಿ ನೀರು. ನಮ್ಮ ತೋಟದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಆದರೆ ಬರೀ ಹೂವು ರಾಶಿ ಹಾಕಿದರೆ ಅದು ಲೋಳೆಯಾಗಿ ನಾರುತ್ತದೆ ಎಂಬುದು ಪೇಟೆಯಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಕ್ಯಾಮೆರಾ ಹತ್ತಿರಕ್ಕೆ: ಒಂದು ಹಿಡಿ ಹಿಂಡಿದಾಗ ಒಂದೆರಡು ಹನಿ ಬಂದರೆ ಹದ. ನೀರು ಸುರಿದರೆ ದರಕು ಹಾಕಿ ಮಗುಚಬೇಕು. ವಾರಕ್ಕೊಮ್ಮೆ ಮಗುಚಿದರೆ ಎರಡು ತಿಂಗಳ ಆಸುಪಾಸಿನಲ್ಲಿ ಗೊಬ್ಬರ ತಯಾರು. ಅಡಿಕೆ ಸಿಪ್ಪೆ ಹಾಕಿದ್ದರೆ ಇನ್ನೂ ತಡ.

ವಿಡಿಯೊ ಜೊತೆಗೆ ಬೇಕಾದದ್ದು ಆ ಮಾಡು. ದೊಡ್ಡ ದೇವಸ್ಥಾನಗಳಿಗೆ ಜಾಗ ಇದೆ, ಸಣ್ಣವಕ್ಕೆ ಇಲ್ಲ. ನಾಲ್ಕೈದು ಸಣ್ಣ ದೇವಸ್ಥಾನಗಳಿಗೆ ಸೇರಿ ಒಂದು ಮಾಡನ್ನು ನಗರಸಭೆ ಮಳೆ ಹಿಡಿಯುವ ಮೊದಲು ಹಾಕಿಸಿಕೊಡಲಿ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ಹೂವಿನ ಲೆಕ್ಕವೇ ಬೇರೆ, ಅದಕ್ಕೆ ಪ್ರತ್ಯೇಕ ಗಾಡಿಯೇ ಬೇಕಾಗುತ್ತದೆ.

ಇಂತಿ,
ಶಿರಸಿಯ ಒಬ್ಬ ನಿವಾಸಿ