ಬೀಳ್ಕೊಡುಗೆ ಭಾಷಣದ ಕೊನೆಯ ಏಳು ವಾಕ್ಯಗಳು

ಪ್ರಿಯ ತರುಣ ಮಿತ್ರರೇ,

ಪದವಿ ಮುಗಿಸುತ್ತಿರುವ ನಿಮ್ಮ ತರಗತಿಯ ಪರವಾಗಿ ನೀವು ಮಾಡಲಿರುವ ಭಾಷಣದ ಕರಡು ತಲುಪಿತು. ಮೊದಲ ಮೂರು ಪುಟಗಳ ಬಗ್ಗೆ ನನಗೆ ತಕರಾರಿಲ್ಲ. ಅಲ್ಲಿ ನಿಮ್ಮ ಸಹಪಾಠಿಗಳು ಕಾಣಿಸುತ್ತಾರೆ, ನಿಮ್ಮ ದನಿ ಕೇಳಿಸುತ್ತದೆ. ಈ ಪತ್ರ ಕೊನೆಯ ಭಾಗಕ್ಕೆ ಮಾತ್ರ. ನೀವು ಅದನ್ನು ಹೀಗೆ ಮುಗಿಸಿದ್ದೀರಿ: “ಪ್ರತಿಯೊಂದು ಹೊಸ ಆರಂಭವೂ ಇನ್ನೊಂದು ಆರಂಭದ ಅಂತ್ಯದಿಂದಲೇ ಹುಟ್ಟುತ್ತದೆ ಎಂಬ ತತ್ವಜ್ಞಾನಿ ಸೆನೆಕಾನ ಮಾತನ್ನು ನೆನೆಯುತ್ತಾ, ಅವಕಾಶ ನೀಡಿದ ಎಲ್ಲರಿಗೂ ವಂದಿಸಿ, ಈ ಸಂಸ್ಥೆಗೆ ಬೀಳ್ಕೊಡುಗೆ ಹೇಳುತ್ತಾ, ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ.”

ಮೊದಲು ಸೆನೆಕಾನ ಹೆಸರನ್ನು ತೆಗೆದುಬಿಡಿ. ಈ ಮಾತು ಅವನ ಹೆಸರಿನಲ್ಲಿ ಎಲ್ಲೆಡೆ ಹರಿದಾಡುತ್ತದೆ, ಆದರೆ ಅವನ ಯಾವ ಬರಹದಲ್ಲಿ ಇದೆ ಎಂಬುದನ್ನು ಅದರೊಂದಿಗೆ ಯಾರೂ ಹೇಳುವುದಿಲ್ಲ. ಇದು ಜನಪ್ರಿಯವಾದದ್ದು ಸೆಮಿಸಾನಿಕ್ ಎಂಬ ಅಮೆರಿಕದ ತಂಡವು 1998ರಲ್ಲಿ ಹೊರತಂದ ‘ಕ್ಲೋಸಿಂಗ್ ಟೈಮ್’ ಎಂಬ ಹಾಡಿನಿಂದ. ಆ ಹಾಡನ್ನು ಬರೆದ ಡ್ಯಾನ್ ವಿಲ್ಸನ್ ಆಗ ತಂದೆಯಾಗುವುದರಲ್ಲಿದ್ದರು. ರಾತ್ರಿ ಬಾರ್ ಮುಚ್ಚುವಾಗ ಜನರನ್ನು ಹೊರಕಳಿಸುವ ಹಾಡಿನಂತೆ ಅದು ಕೇಳಿಸಿದರೂ, ಬರೆಯುವಾಗ ಮನಸ್ಸಿನಲ್ಲಿದ್ದದ್ದು ಮಗುವಿನ ಹುಟ್ಟು ಎಂದು ಅವರೇ ಹೇಳಿಕೊಂಡಿದ್ದಾರೆ. ಸಭೆಯಲ್ಲಿ ಇದನ್ನೆಲ್ಲ ವಿವರಿಸಬೇಕಾಗಿಲ್ಲ, “ಎಂಬ ಮಾತೊಂದಿದೆ” ಎಂದರೆ ಸಾಕು. ಖಚಿತವಿಲ್ಲದ ಹೆಸರಿನ ಭಾರದಿಂದ ವಾಕ್ಯ ನಿಮ್ಮದಾಗುತ್ತದೆ ಎಂದುಕೊಳ್ಳಬೇಡಿ; ಮುಂದಿನ ಸಾಲಿನಲ್ಲಿ ಕುಳಿತ ಒಬ್ಬ ಮೇಷ್ಟ್ರಿಗೆ ಸಂಶಯ ಬಂದರೂ ನಿಮ್ಮ ಕೊನೆಯ ನಿಮಿಷ ಅವರ ಪಾಲಿಗೆ ಹೋದಂತೆಯೇ.

ಇನ್ನು ಆ ಮಾತಿನ ಒಳಗನ್ನು ನಿಧಾನವಾಗಿ ನೋಡಿ. ಬಹಳಷ್ಟು ಜನ ಅದನ್ನು “ಅಂತ್ಯವೇ ಆರಂಭ” ಎಂದು ಚಿಕ್ಕದಾಗಿಸಿ ಹೇಳುತ್ತಾರೆ, ಆದರೆ ಅದು ಹೇಳುವುದು ಅದನ್ನಲ್ಲ. ಈಗ ಮುಗಿಯುತ್ತಿರುವುದು ಕೂಡ ಒಂದು ಕಾಲಕ್ಕೆ ಆರಂಭವಾಗಿತ್ತು ಎನ್ನುವುದೇ ಅದರ ತಿರುಳು. ನಿಮ್ಮ ಭಾಷಣಕ್ಕೆ ಕೆಲಸಕ್ಕೆ ಬರುವ ಭಾಗ ಇದೊಂದೇ, ಏಕೆಂದರೆ ಅದು ನಿಮ್ಮನ್ನು ಮೊದಲ ದಿನಕ್ಕೆ ಕರೆದೊಯ್ಯುತ್ತದೆ. ನಾಳೆಯ ಬಗ್ಗೆ ಆ ಸಭೆಯಲ್ಲಿ ಯಾರಿಗೂ ಏನೂ ಗೊತ್ತಿಲ್ಲ. ಮೊದಲ ದಿನ ಮಾತ್ರ ಎಲ್ಲರಿಗೂ ಗೊತ್ತಿದೆ. ಹಾಗಾಗಿ ಮಾತು ನಿಲ್ಲಬೇಕಾದದ್ದು ಆ ದಿನದ ಒಂದು ಕಣ್ಣಿಗೆ ಕಾಣುವ ಸಂಗತಿಯ ಮೇಲೆ. ನಿಮ್ಮ ಎರಡನೇ ಪುಟದಲ್ಲಿ ಆ ಸಂಗತಿ ಆಗಲೇ ಇದೆ: ವೇಳಾಪಟ್ಟಿಯ ಚೀಟಿ ಹಿಡಿದು, ಕೊಠಡಿ ಸಿಗದೆ, ಬೇರೆಯವರ ತರಗತಿಯ ಬಾಗಿಲು ತಟ್ಟಿದ್ದು. ಅದನ್ನು ಅಲ್ಲಿಂದ ಎತ್ತಿ ಕೊನೆಗೆ ತನ್ನಿ.

ಪದಗಳ ವಿಷಯದಲ್ಲಿ ಎರಡು ಕಡೆ ಎಚ್ಚರ ಬೇಕು. ‘ಅಂತ್ಯ’ ಎಂಬ ಪದದ ಬೆನ್ನಿಗೆ ಕನ್ನಡದಲ್ಲಿ ಸಾವಿನ ನೆರಳಿದೆ. ಅಂತ್ಯಕ್ರಿಯೆ, ಅಂತ್ಯಕಾಲ ಎಂಬ ಮಾತುಗಳು ಕಿವಿಯಲ್ಲಿರುವವರಿಗೆ ಅದು ಪದವಿಯ ದಿನಕ್ಕೆ ಒಗ್ಗುವುದಿಲ್ಲ. ‘ಮುಗಿ’ ಎಂಬ ಕ್ರಿಯಾಪದ ಸಾಕು, ಅದು ಪಾಠಕ್ಕೂ ಪಯಣಕ್ಕೂ ಹೊಂದುತ್ತದೆ. ಇನ್ನೊಂದು, ಬೀಳ್ಕೊಡುವವರು ಉಳಿಯುವವರು, ಬೀಳ್ಕೊಳ್ಳುವವರು ಹೊರಡುವವರು. ಹೊರಡುವವರು ನೀವಾದ್ದರಿಂದ ಸಂಸ್ಥೆಗೆ ಬೀಳ್ಕೊಡುಗೆ ಹೇಳುವುದು ತಿರುಗುಮುರುಗಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಂದರೆ ವಾಕ್ಯದ ಕಟ್ಟಡದಲ್ಲಿದೆ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ನಿಲ್ಲುತ್ತದೆ, ಕೇಳುವವರ ಕಿವಿಯಲ್ಲಿ ಉಳಿಯುವುದೂ ಅದೇ. ನಿಮ್ಮ ವಾಕ್ಯದಲ್ಲಿ ‘ಹುಟ್ಟುತ್ತದೆ’ ಎಂಬುದು ನಡುವೆ ಎಲ್ಲೋ ಸಿಕ್ಕಿಕೊಂಡು, ಕೊನೆಗೆ ಕೇಳಿಸುವುದು ‘ಮುಗಿಸುತ್ತೇನೆ’ ಎಂಬುದು. ಹೊಸದೊಂದು ಶುರುವಾಗುತ್ತದೆ ಎನ್ನುವ ಮಾತನ್ನು ನಿಮ್ಮ ವ್ಯಾಕರಣವೇ ಅಲ್ಲಗಳೆಯುತ್ತಿದೆ. ವೇದಿಕೆಯ ಮೇಲೆ ‘ಎಂದು ಹೇಳುತ್ತಾ ನನ್ನ ಎರಡು ಮಾತು ಮುಗಿಸುತ್ತೇನೆ’ ಎನ್ನುವುದು ನಮಗೆಲ್ಲ ಬಾಯಿಗೆ ಬಂದುಬಿಟ್ಟಿರುವ ಮಾತು. ಮುಗಿದದ್ದು ಮೌನದಿಂದಲೇ ತಿಳಿಯುವಾಗ ಅದನ್ನು ಹೇಳುವ ಅಗತ್ಯವಿಲ್ಲ. ವಂದನೆಗಳೂ ಇದಕ್ಕಿಂತ ಮೊದಲೇ ಮುಗಿದಿರಬೇಕು. ಹಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿಗೆ ನಾನು ಬರೆದುಕೊಟ್ಟ ಭಾಷಣದಲ್ಲಿ ನುಡಿಯನ್ನು ಮೊದಲಿಟ್ಟು ವಂದನೆಯನ್ನು ಕೊನೆಗಿಟ್ಟಿದ್ದೆ. ನುಡಿ ಕೇಳಿದೊಡನೆ ಸಭೆ ಚಪ್ಪಾಳೆ ತಟ್ಟಿತು, ಆ ಹುಡುಗಿ ಮೈಕಿನ ಮುಂದೆ ಕಾಗದ ಹಿಡಿದು ನಿಂತಳು. ಆಮೇಲೆ ಓದಿದ ಹತ್ತು ಹೆಸರುಗಳು ಯಾರಿಗೂ ಕೇಳಿಸಲಿಲ್ಲ. ತಪ್ಪು ನನ್ನದು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇದೇ ಬಗೆಯ ಮಾತನ್ನು ಚೆನ್ನಾಗಿ ಬಳಸಿದ ಒಂದು ಉದಾಹರಣೆ ನೋಡಿ. 1942ರ ನವೆಂಬರ್ 10ರಂದು ಲಂಡನ್ನಿನಲ್ಲಿ ಚರ್ಚಿಲ್, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆ ಈಜಿಪ್ಟಿನಲ್ಲಿ ಗೆದ್ದ ಸುದ್ದಿ ಬಂದ ಮೇಲೆ, ಇದು ಮುಕ್ತಾಯವಲ್ಲ, ಮುಕ್ತಾಯದ ಆರಂಭವೂ ಅಲ್ಲ, ಬಹುಶಃ ಆರಂಭದ ಮುಕ್ತಾಯ ಎಂದರು. ಆ ನುಡಿಗೆ ಬಲ ಬಂದದ್ದು ಎದುರಿಗೆ ಒಂದು ನಿಜವಾದ ಘಟನೆ ಇದ್ದದ್ದರಿಂದ, ಮತ್ತು ನಡುವೆ ಆ ‘ಬಹುಶಃ’ ಇದ್ದದ್ದರಿಂದ. ಅಷ್ಟೇ ಅಲ್ಲ, ಅವರು ಭಾಷಣವನ್ನು ಅಲ್ಲಿಗೆ ನಿಲ್ಲಿಸಲಿಲ್ಲ, ಮುಂದೇನು ಎಂಬುದಕ್ಕೆ ಹೋದರು. ನಿಮ್ಮ ಸಭೆಯಲ್ಲೂ ಒಂದು ವಿಷಯ ಉಳಿಸಿಕೊಂಡವರು, ಮುಂದೆ ಓದಲಾಗದವರು, ಗೆಳೆಯನನ್ನು ಕಳೆದುಕೊಂಡವರು ಇರಬಹುದು. ಅವರೆದುರು ‘ಎಲ್ಲ ಕೊನೆಯೂ ಆರಂಭವೇ’ ಎಂದು ಘೋಷಿಸುವುದು ನ್ಯಾಯವಲ್ಲ. ನುಡಿಯನ್ನು ಇವತ್ತಿಗೆ, ಈ ಕಟ್ಟಡಕ್ಕೆ ಕಟ್ಟಿಹಾಕಿದರೆ ಆ ಅನ್ಯಾಯ ತಪ್ಪುತ್ತದೆ.

ನಿಮ್ಮದೇ ಸಾಮಗ್ರಿಯಿಂದ ನಾನು ಹೀಗೆ ಬರೆದು ನೋಡಿದೆ:

“ಮೊದಲ ದಿನ ನಮ್ಮ ಕೊಠಡಿ ಎಲ್ಲಿದೆಯೆಂದು ನಮಗೆ ಗೊತ್ತಿರಲಿಲ್ಲ. ಚೀಟಿ ಹಿಡಿದು ಮೂರು ತಪ್ಪು ಬಾಗಿಲು ತಟ್ಟಿದೆವು. ಹೊಸ ಆರಂಭವೊಂದು ಹುಟ್ಟುವುದು ಇನ್ನೊಂದು ಆರಂಭ ಮುಗಿದಾಗಲೇ ಎಂಬ ಮಾತೊಂದಿದೆ. ಹಾಗಾದರೆ ಇವತ್ತು ಮುಗಿಯುತ್ತಿರುವುದು ಆ ಬೆಳಗಿನ ಆರಂಭ. ಇನ್ನು ಕೆಲವೇ ದಿನಗಳಲ್ಲಿ ನಾವು ಗೊತ್ತಿಲ್ಲದ ಕಟ್ಟಡಗಳಲ್ಲಿ ಮತ್ತೆ ತಪ್ಪು ಬಾಗಿಲು ತಟ್ಟುತ್ತೇವೆ. ಅವತ್ತು ಬಾಗಿಲು ತೆರೆದು ದಾರಿ ತೋರಿಸಿದವರು ಇಲ್ಲೇ ಕುಳಿತಿದ್ದೀರಿ. ಗುರುಗಳೇ, ಹೋಗಿ ಬರುತ್ತೇವೆ.”

ಏಳು ವಾಕ್ಯಗಳು. ಆತುರವಿಲ್ಲದೆ ಓದಿದರೂ ಒಂದು ನಿಮಿಷದೊಳಗೆ ಮುಗಿಯುತ್ತದೆ. ನುಡಿ ನಡುವೆ ಬಂದು ತನ್ನ ಕೆಲಸ ಮಾಡಿ ಸರಿದಿದೆ. ಅದರ ಎರಡೂ ಬದಿಗೆ ಅದೇ ಬಾಗಿಲಿದೆ. ಕೊನೆಯ ಮೂರು ಪದಗಳನ್ನು ನಾನು ಹೊಸದಾಗಿ ಹುಡುಕಲಿಲ್ಲ. ಹೊರಡುವಾಗ ನಾವು ‘ಹೋಗುತ್ತೇವೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇವೆ’ ಎನ್ನುತ್ತೇವೆ, ಮತ್ತು ಆ ವಾಕ್ಯ ನಿಲ್ಲುವುದು ‘ಬರುತ್ತೇವೆ’ ಎಂಬಲ್ಲಿ.

ಇದನ್ನು ಹಾಗೇ ಬಳಸಬೇಡಿ. ಮೂರು ಬಾಗಿಲು ನಿಜವಾಗಿ ಎರಡೇ ಆಗಿದ್ದರೆ ಎರಡೆಂದೇ ಬರೆಯಿರಿ. ಆಮೇಲೆ ಗಟ್ಟಿಯಾಗಿ ಓದಿ, ಉಸಿರು ಎಲ್ಲಿ ಸಿಕ್ಕುತ್ತದೋ ಅಲ್ಲಿ ವಾಕ್ಯ ಮುರಿಯಿರಿ. ‘ಗುರುಗಳೇ’ ಎಂಬುದಕ್ಕೆ ಮೊದಲು ಕಾಗದದಿಂದ ಕಣ್ಣೆತ್ತಿ ಅವರು ಕುಳಿತ ಸಾಲನ್ನು ನೋಡಿ. ಆ ಎರಡು ಕ್ಷಣಗಳಿಗಾಗಿ ಕೊನೆಯ ಸಾಲನ್ನು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ. ತಿದ್ದಿದ ಪುಟವನ್ನು ಕಳುಹಿಸಿದರೆ ಇನ್ನೊಮ್ಮೆ ಓದುತ್ತೇನೆ.

ನಿಮ್ಮ ವಿಶ್ವಾಸಿ